ಗೋಡೌನಿನಲ್ಲಿ ಕೂತ ನಾಲ್ಕು ಲಕ್ಷ

ಪೀಣ್ಯದ ಕೈಗಾರಿಕಾ ಪ್ರದೇಶದಲ್ಲಿ ಬೋರ್‌ವೆಲ್‌ಗೆ ಇಳಿಸುವ ಸಬ್‌ಮರ್ಸಿಬಲ್ ಪಂಪ್ ತಯಾರಿಸುವ ಒಂದು ಸಣ್ಣ ಕಾರ್ಖಾನೆ ಇದೆ ಎಂದುಕೊಳ್ಳಿ. ಶುರುವಾಗಿ ಒಂದು ವರ್ಷವಾಗಿದೆ, ಮಾರ್ಚ್ 31ರ ಲೆಕ್ಕ ಮುಗಿದಿದೆ. ಮಾಲೀಕರ ಮೇಜಿನ ಮೇಲೆ ಎರಡು ಹಾಳೆಗಳಿವೆ. ಆಡಿಟರ್ ಕಳಿಸಿದ ಹಾಳೆಯಲ್ಲಿ ವರ್ಷದ ಲಾಭ 11 ಲಕ್ಷ ರೂಪಾಯಿ. ಕಾರ್ಖಾನೆಯ ಕಾಸ್ಟ್ ಅಕೌಂಟೆಂಟ್ ಬರೆದುಕೊಟ್ಟ ಹಾಳೆಯಲ್ಲಿ 7 ಲಕ್ಷ. ಪಂಪ್‌ಗಳು ಅವೇ, ಬಿಲ್ಲುಗಳು ಅವೇ, ಬ್ಯಾಂಕಿನ ಖಾತೆಯೂ ಅದೇ. ಯಾರೂ ಕೂಡುವುದರಲ್ಲಿ ತಪ್ಪಿಲ್ಲ, ಯಾರೂ ಏನನ್ನೂ ಮುಚ್ಚಿಟ್ಟಿಲ್ಲ. ಹಾಗಾದರೆ ನಡುವಿನ 4 ಲಕ್ಷ ಎಲ್ಲಿ ಹೋಯಿತು?

ಅದು ಗೋಡೌನಿನಲ್ಲಿದೆ. ಮಾರಾಟವಾಗದೆ ಉಳಿದ 200 ಪಂಪ್‌ಗಳ ಜೊತೆಗೆ ಕೂತಿದೆ.

ಈ ಕಾರ್ಖಾನೆ ಲೆಕ್ಕದ ಸಲುವಾಗಿ ಕಟ್ಟಿಕೊಂಡದ್ದು. ಆದರೆ ಆ ಎರಡು ಹಾಳೆಗಳ ಗೊಂದಲ ಯಾವ ಕೈಗಾರಿಕಾ ಎಸ್ಟೇಟಿನಲ್ಲಾದರೂ ಹುಟ್ಟಬಹುದಾದದ್ದು. ಬಿ.ಕಾಂ. ಓದಿದವರು ಇದನ್ನು ಅಬ್ಸಾರ್ಪ್ಷನ್ ಕಾಸ್ಟಿಂಗ್ ಮತ್ತು ಮಾರ್ಜಿನಲ್ ಕಾಸ್ಟಿಂಗ್ ಎಂಬ ಎರಡು ಹೆಸರಿನಲ್ಲಿ ಪರೀಕ್ಷೆಗೆ ಓದಿ, ಎಂಟೋ ಹತ್ತೋ ಅಂಕ ಗಿಟ್ಟಿಸಿಕೊಂಡು ಮರೆತಿರುತ್ತಾರೆ.

ಮೊದಲು ಕಾರ್ಖಾನೆಯ ಖರ್ಚುಗಳನ್ನು ನೋಡಬೇಕು. ಒಂದು ಪಂಪ್ 10,000 ರೂಪಾಯಿಗೆ ಮಾರಾಟವಾಗುತ್ತದೆ. ಅದಕ್ಕೆ ಬೇಕಾದ ತಾಮ್ರದ ತಂತಿ, ಸ್ಟ್ಯಾಂಪಿಂಗ್, ಎರಕದ ಬಿಡಿಭಾಗ, ಪೀಸ್ ಲೆಕ್ಕದ ಕೂಲಿ, ಯಂತ್ರ ಓಡಿದಷ್ಟೂ ಉರಿಯುವ ಕರೆಂಟು ಎಲ್ಲ ಸೇರಿ 6,000 ರೂಪಾಯಿ. ಪಂಪ್ ಮಾಡಿದರೆ ಈ ಖರ್ಚು ಹುಟ್ಟುತ್ತದೆ, ಮಾಡದಿದ್ದರೆ ಇಲ್ಲ. ಇದು ಬದಲಾಗುವ ವೆಚ್ಚ. ಇದರಾಚೆಗೆ ಶೆಡ್ಡಿನ ಬಾಡಿಗೆ, ಸೂಪರ್‌ವೈಸರ್ ಸಂಬಳ, ಯಂತ್ರಗಳ ಸವಕಳಿ ಮತ್ತು ವಾರ್ಷಿಕ ನಿರ್ವಹಣೆ ಇವೆ. ಇವು ವರ್ಷಕ್ಕೆ 24 ಲಕ್ಷ. ಒಂದು ಪಂಪ್ ಮಾಡಿದರೂ ಅಷ್ಟೇ, ಸಾವಿರ ಮಾಡಿದರೂ ಅಷ್ಟೇ. ಇದು ಕಾರ್ಖಾನೆಯ ಸ್ಥಿರ ಓವರ್‌ಹೆಡ್. ಆಫೀಸು ಮತ್ತು ಮಾರಾಟ ವಿಭಾಗದ ಸ್ಥಿರ ಖರ್ಚು ಬೇರೆ, ಅದು 9 ಲಕ್ಷ.

ಬದಲಾಗುವ ವೆಚ್ಚ ಮತ್ತು ಸ್ಥಿರ ವೆಚ್ಚದ ನಡುವಿನ ಗೆರೆ ಎಲ್ಲ ಕಡೆ ಇಷ್ಟು ಸ್ಪಷ್ಟವಾಗಿರುವುದಿಲ್ಲ. ಕರೆಂಟ್ ಬಿಲ್ಲನ್ನೇ ನೋಡಿ. ಅದರಲ್ಲಿ ಮಂಜೂರಾದ ಲೋಡಿಗೆ ತಕ್ಕಂತೆ ಪ್ರತಿ ತಿಂಗಳೂ ಕಟ್ಟಲೇಬೇಕಾದ ನಿಗದಿತ ಶುಲ್ಕ ಒಂದು, ಉರಿಸಿದ ಯೂನಿಟ್ಟಿಗೆ ತಕ್ಕ ಶುಲ್ಕ ಇನ್ನೊಂದು. ಮೊದಲನೆಯದು 24 ಲಕ್ಷದ ಪಟ್ಟಿಗೆ ಸೇರುತ್ತದೆ, ಎರಡನೆಯದು 6,000ದ ಪಟ್ಟಿಗೆ. ಒಂದೇ ಬಿಲ್ಲು, ಎರಡು ಮನೆ. ತಿಂಗಳ ಸಂಬಳದ ಕಾರ್ಮಿಕರ ವಿಷಯದಲ್ಲೂ ಇದೇ ಪ್ರಶ್ನೆ ಏಳುತ್ತದೆ: ಕೆಲಸವಿಲ್ಲದ ದಿನವೂ ಸಂಬಳ ಕೊಡಬೇಕಾದರೆ ಆ ಕೂಲಿ ಬದಲಾಗುವ ವೆಚ್ಚ ಹೇಗಾದೀತು? ಈ ವಿಂಗಡಣೆ ತಪ್ಪಿದರೆ ಮುಂದಿನ ಲೆಕ್ಕವೆಲ್ಲ ತಪ್ಪುತ್ತದೆ.

ಸಾಮಾನ್ಯ ವರ್ಷದಲ್ಲಿ ಈ ಕಾರ್ಖಾನೆಗೆ 1,200 ಪಂಪ್ ಮಾಡುವ ಶಕ್ತಿಯಿದೆ. ಮೊದಲ ವರ್ಷ ಅಷ್ಟನ್ನೂ ಮಾಡಿತು. ಆದರೆ ಆ ವರ್ಷ ಮಳೆ ಚೆನ್ನಾಗಿ ಬಂತು, ಬೋರ್‌ವೆಲ್ ಕೊರೆಸುವವರು ಕಡಿಮೆಯಾದರು. ಮಾರಾಟವಾದದ್ದು 1,000. ಉಳಿದದ್ದು 200.

ಕಾಸ್ಟ್ ಅಕೌಂಟೆಂಟ್ ಹಿಡಿದದ್ದು ಮಾರ್ಜಿನಲ್ ಕಾಸ್ಟಿಂಗ್ ದಾರಿ. ಅವರ ದೃಷ್ಟಿಯಲ್ಲಿ ಪ್ರತಿ ಪಂಪ್ ಮಾರಿದಾಗ 10,000ದಲ್ಲಿ 6,000 ಕಳೆದು 4,000 ರೂಪಾಯಿ ಕೈಗೆ ಉಳಿಯುತ್ತದೆ. ಇದನ್ನೇ ಕಾಂಟ್ರಿಬ್ಯೂಷನ್ ಅನ್ನುವುದು. 1,000 ಪಂಪ್‌ಗೆ 40 ಲಕ್ಷ. ಬಾಡಿಗೆ, ಸಂಬಳ, ಸವಕಳಿಯ 24 ಲಕ್ಷ ಈ ವರ್ಷದ ಖರ್ಚು. ವರ್ಷ ಕಳೆಯಿತು, ಖರ್ಚೂ ಮುಗಿಯಿತು. ಅದನ್ನು ಪೂರ್ತಿ ಕಳೆದು, ಆಫೀಸಿನ 9 ಲಕ್ಷವನ್ನೂ ಕಳೆದರೆ 7 ಲಕ್ಷ. ಗೋಡೌನಿನ 200 ಪಂಪ್‌ಗಳಿಗೆ ಅವರು ಹಾಕುವ ಬೆಲೆ ತಲಾ 6,000, ಒಟ್ಟು 12 ಲಕ್ಷ.

ಆಡಿಟರ್ ಹಿಡಿದದ್ದು ಅಬ್ಸಾರ್ಪ್ಷನ್ ಕಾಸ್ಟಿಂಗ್ ದಾರಿ. ಶೆಡ್ ಇಲ್ಲದೆ, ಸೂಪರ್‌ವೈಸರ್ ಇಲ್ಲದೆ ಪಂಪ್ ತಯಾರಾಗುತ್ತದೆಯೇ ಎಂಬುದು ಅವರ ಪ್ರಶ್ನೆ. ಇಲ್ಲವಲ್ಲ. ಹಾಗಾಗಿ 24 ಲಕ್ಷವನ್ನು 1,200 ಪಂಪ್‌ಗೆ ಹಂಚಿ, ಪ್ರತಿಯೊಂದರ ಮೇಲೂ 2,000 ರೂಪಾಯಿ ಹೊರಿಸುತ್ತಾರೆ. ಪಂಪ್‌ನ ವೆಚ್ಚ ಈಗ 8,000. ಮಾರಾಟವಾದ 1,000 ಪಂಪ್‌ಗಳಿಂದ ತಲಾ 2,000ದಂತೆ 20 ಲಕ್ಷ ಬಂತು, ಆಫೀಸಿನ 9 ಲಕ್ಷ ಕಳೆದರೆ 11 ಲಕ್ಷ. ಉಳಿದ 200 ಪಂಪ್‌ಗಳ ಬೆಲೆ ತಲಾ 8,000ದಂತೆ 16 ಲಕ್ಷ.

ಈಗ 24 ಲಕ್ಷದ ಜಾಡು ಹಿಡಿದರೆ ಸಾಕು. ಮಾರಾಟವಾದ 1,000 ಪಂಪ್‌ಗಳು 20 ಲಕ್ಷ ಓವರ್‌ಹೆಡ್ಡನ್ನು ಹೊತ್ತುಕೊಂಡು ಗೇಟಿನಾಚೆ ಹೋದವು. ಮಾರಾಟವಾಗದ 200 ಪಂಪ್‌ಗಳು 4 ಲಕ್ಷವನ್ನು ಹೊತ್ತುಕೊಂಡು ಒಳಗೇ ನಿಂತವು. ಬಾಡಿಗೆ ಕಟ್ಟಿಯಾಗಿದೆ, ಸಂಬಳ ಕೊಟ್ಟಾಗಿದೆ. ಆದರೂ ಅದರಲ್ಲಿ 4 ಲಕ್ಷ ಈ ವರ್ಷದ ಲಾಭ-ನಷ್ಟದ ಪಟ್ಟಿಗೆ ಖರ್ಚಾಗಿ ಬರದೆ, ಆಸ್ತಿಯಾಗಿ ಬ್ಯಾಲೆನ್ಸ್ ಶೀಟಿಗೆ ಹತ್ತಿತು. ದಾಸ್ತಾನಿನ ಬೆಲೆಯಲ್ಲಿನ ವ್ಯತ್ಯಾಸ 16 ಲಕ್ಷ ಮತ್ತು 12 ಲಕ್ಷದ ನಡುವಿನದು. ಲಾಭದಲ್ಲಿನ ವ್ಯತ್ಯಾಸ 11 ಲಕ್ಷ ಮತ್ತು 7 ಲಕ್ಷದ ನಡುವಿನದು. ಎರಡೂ ಒಂದೇ 4 ಲಕ್ಷ.

ಮೊದಲೇ ಹಳೆಯ ದಾಸ್ತಾನು ಇದ್ದರೂ ಸೂತ್ರ ಇದೇ. ವರ್ಷದ ಕೊನೆಯ ಸ್ಟಾಕಿನೊಳಗೆ ಅಡಗಿದ ಸ್ಥಿರ ಓವರ್‌ಹೆಡ್‌ನಿಂದ ವರ್ಷದ ಮೊದಲ ಸ್ಟಾಕಿನೊಳಗೆ ಅಡಗಿದ್ದನ್ನು ಕಳೆಯಬೇಕು. ಬರುವ ಮೊತ್ತವೇ ಎರಡು ಲಾಭಗಳ ನಡುವಿನ ಅಂತರ. ಸ್ಟಾಕ್ ಬೆಳೆದಿದ್ದರೆ ಸಾಮಾನ್ಯವಾಗಿ ಆಡಿಟರ್ ಹಾಳೆಯ ಲಾಭ ಮೇಲೆ, ಕರಗಿದ್ದರೆ ಕೆಳಗೆ, ಇದ್ದಷ್ಟೇ ಇದ್ದರೆ ಎರಡೂ ಸಮ.

ಕರಗಿದರೆ ಏನಾಗುತ್ತದೆ ಎಂಬುದೇ ಇದರ ಸೋಜಿಗದ ಭಾಗ. ಎರಡನೇ ವರ್ಷ ಮಳೆ ಕೈಕೊಟ್ಟಿತು, ಬೋರ್‌ವೆಲ್ ಲಾರಿಗಳು ಹಗಲಿರುಳು ಓಡಿದವು. ಮಾಲೀಕರು ಗೋಡೌನ್ ಖಾಲಿ ಮಾಡಬೇಕೆಂದು 1,000 ಪಂಪ್ ಮಾತ್ರ ಮಾಡಿಸಿ, ಹಳೆಯ 200 ಸೇರಿಸಿ 1,200 ಮಾರಿದರು. ಬೆಲೆ ಬದಲಾಗಲಿಲ್ಲ, ಖರ್ಚು ಬದಲಾಗಲಿಲ್ಲ. ಮಾರಾಟ ಶೇ 20ರಷ್ಟು ಏರಿತು. ಆಡಿಟರ್ ಹಾಳೆ ಬಿಡಿಸಿದರೆ ಲಾಭ ಮತ್ತೆ ಅದೇ 11 ಲಕ್ಷ.

‘ಇನ್ನೂರು ಪಂಪ್ ಹೆಚ್ಚು ಮಾರಿದ್ದೀನಿ ಸ್ವಾಮಿ, ಒಂದು ರೂಪಾಯಿನೂ ಹೆಚ್ಚಾಗಿಲ್ಲ ಅಂದ್ರೆ ಹೇಗೆ?’ ಎಂದು ಮಾಲೀಕರು ಕೇಳುವುದು ಸಹಜ.

ಉತ್ತರ ಹೀಗಿದೆ. 1,200 ಪಂಪ್‌ಗಳಿಂದ ತಲಾ 2,000ದಂತೆ 24 ಲಕ್ಷ ಬಂದದ್ದು ನಿಜ. ಆದರೆ ಈ ವರ್ಷ ತಯಾರಾದದ್ದು 1,000 ಪಂಪ್ ಮಾತ್ರ. ಅವು ಹೊರಬಲ್ಲ ಓವರ್‌ಹೆಡ್ 20 ಲಕ್ಷ. ಕಟ್ಟಿದ್ದು 24 ಲಕ್ಷ. ಹೊರುವವರಿಲ್ಲದೆ ಉಳಿದ 4 ಲಕ್ಷ ನೇರವಾಗಿ ಲಾಭದಿಂದ ಕಳೆಯಿತು. ಆಫೀಸಿನ 9 ಲಕ್ಷವೂ ಹೋಗಿ 11 ಲಕ್ಷಕ್ಕೇ ಬಂದು ನಿಂತಿತು. ಇನ್ನೊಂದು ರೀತಿಯಲ್ಲಿ ಹೇಳುವುದಾದರೆ, ಹಿಂದಿನ ವರ್ಷದಿಂದ ಹೊತ್ತು ತಂದ 4 ಲಕ್ಷ ಮತ್ತು ಈ ವರ್ಷದ ಪೂರ್ತಿ 24 ಲಕ್ಷ, ಒಟ್ಟು 28 ಲಕ್ಷ ಓವರ್‌ಹೆಡ್ ಈ ಒಂದೇ ವರ್ಷದ ಮೇಲೆ ಬಿತ್ತು. ಕಾಸ್ಟ್ ಅಕೌಂಟೆಂಟ್ ಹಾಳೆಯಲ್ಲಿ ಮಾತ್ರ ಕಾಂಟ್ರಿಬ್ಯೂಷನ್ 48 ಲಕ್ಷ, ಖರ್ಚು 33 ಲಕ್ಷ, ಲಾಭ 15 ಲಕ್ಷ. ಅಲ್ಲಿ ಲಾಭ ಮಾರಾಟದ ಬೆನ್ನು ಹತ್ತಿ 7ರಿಂದ 15ಕ್ಕೆ ಏರಿತ್ತು. ಎರಡು ವರ್ಷ ಕೂಡಿಸಿದರೆ ಒಬ್ಬರದು 11 ಮತ್ತು 11, ಇನ್ನೊಬ್ಬರದು 7 ಮತ್ತು 15. ಎರಡೂ 22 ಲಕ್ಷ. ಒಟ್ಟು ಲಾಭದಲ್ಲಿ ಜಗಳವಿಲ್ಲ. ಯಾವ ವರ್ಷಕ್ಕೆ ಎಷ್ಟು ಸೇರಬೇಕೆಂಬುದಷ್ಟೇ ತಕರಾರು.

ಈ ತಕರಾರು ಹೊಸತಲ್ಲ. ಅಮೆರಿಕದ ಮ್ಯಾಸಚೂಸೆಟ್ಸ್‌ನ ಡ್ಯೂಯಿ ಅಂಡ್ ಆಲ್ಮಿ ಕೆಮಿಕಲ್ ಕಂಪನಿಯ ಲೆಕ್ಕಪತ್ರ ನೋಡುತ್ತಿದ್ದ ಜೊನಾಥನ್ ಹ್ಯಾರಿಸ್ ಎಂಬಾತ 1936ರ ಜನವರಿಯಲ್ಲಿ ಅಲ್ಲಿನ ಕಾಸ್ಟ್ ಅಕೌಂಟೆಂಟ್‌ಗಳ ಸಂಘದ ಪತ್ರಿಕೆಯಲ್ಲಿ ಒಂದು ಲೇಖನ ಬರೆದ. ಕಳೆದ ತಿಂಗಳು ನಾವು ಗಳಿಸಿದ್ದೆಷ್ಟು ಎಂಬ ಅರ್ಥದ ತಲೆಬರಹ ಅದಕ್ಕಿತ್ತು. ಮಾರಾಟ ಏರಿದ ತಿಂಗಳಲ್ಲಿ ಲಾಭ ಇಳಿದಂತೆ ತೋರುವುದೇಕೆ ಎಂಬುದೇ ಅಲ್ಲಿನ ತಲೆನೋವು. ಸ್ಥಿರ ಓವರ್‌ಹೆಡ್ಡನ್ನು ಸರಕಿನ ಮೇಲೆ ಹೊರಿಸದೆ ಆಯಾ ಅವಧಿಯ ಖರ್ಚೆಂದೇ ಕಳೆಯಬೇಕು ಎಂಬುದು ಹ್ಯಾರಿಸ್ ಕೊಟ್ಟ ಪರಿಹಾರ. ಅಮೆರಿಕದವರು ಇದನ್ನು ಡೈರೆಕ್ಟ್ ಕಾಸ್ಟಿಂಗ್ ಎಂದು ಕರೆದರು. ಇಂಗ್ಲೆಂಡಿನಲ್ಲಿ ಇದು ಮಾರ್ಜಿನಲ್ ಕಾಸ್ಟಿಂಗ್. ನಮ್ಮ ಪಠ್ಯಪುಸ್ತಕಗಳಿಗೂ ಆ ಹೆಸರೇ ಬಂತು.

ಆದರೆ ಆಡಿಟರ್‌ಗೆ ಆ ಆಯ್ಕೆಯೇ ಇಲ್ಲ. ಹೊರಗಿನವರಿಗೆ ತೋರಿಸುವ ಲೆಕ್ಕದಲ್ಲಿ ಸರಕಿನ ವೆಚ್ಚದೊಳಗೆ ಕಾರ್ಖಾನೆಯ ಸ್ಥಿರ ಓವರ್‌ಹೆಡ್ ಸೇರಿಸಲೇಬೇಕು ಎಂದು ಭಾರತದ ಎಎಸ್-2 ಮತ್ತು ಇಂಡ್ ಎಎಸ್-2 ಎಂಬ ಲೆಕ್ಕಪತ್ರ ಮಾನದಂಡಗಳು ಹೇಳುತ್ತವೆ. ಆದಾಯ ತೆರಿಗೆಗಾಗಿ ಇರುವ ಐಸಿಡಿಎಸ್-2ರ ದಾರಿಯೂ ಅದೇ. ಹಾಗಾಗಿ ಮೊದಲ ವರ್ಷ ತೆರಿಗೆ ಬೀಳುವುದು 7 ಲಕ್ಷದ ಮೇಲಲ್ಲ, 11 ಲಕ್ಷದ ಮೇಲೆ. ಆಫೀಸು ಮತ್ತು ಮಾರಾಟದ 9 ಲಕ್ಷವನ್ನು ಮಾತ್ರ ಸರಕಿನ ಮೇಲೆ ಹೊರಿಸುವಂತಿಲ್ಲ. ಅದು ಎರಡೂ ಪದ್ಧತಿಯಲ್ಲಿ ಆಯಾ ವರ್ಷದ ಖರ್ಚು.

ಈ ನಿಯಮ ಸುಮ್ಮನೆ ಹುಟ್ಟಿದ್ದಲ್ಲ. ಗಣೇಶನ ಮೂರ್ತಿ ಮಾಡುವವರನ್ನು ನೆನೆಸಿಕೊಳ್ಳಿ. ಹಬ್ಬ ಭಾದ್ರಪದದಲ್ಲಿ, ಕೆಲಸ ಶುರುವಾಗುವುದು ತಿಂಗಳುಗಟ್ಟಲೆ ಮುಂಚೆ. ಮಾರ್ಜಿನಲ್ ಲೆಕ್ಕದಲ್ಲಿ ತಿಂಗಳ ಪಟ್ಟಿ ಬರೆದರೆ ಆಷಾಢದಲ್ಲೂ ನಷ್ಟ, ಶ್ರಾವಣದಲ್ಲೂ ನಷ್ಟ, ಹಬ್ಬದ ತಿಂಗಳಲ್ಲಿ ಒಮ್ಮೆಗೇ ಭಾರಿ ಲಾಭ. ಆದರೆ ಆಷಾಢದ ಶೆಡ್ ಬಾಡಿಗೆ ಕಟ್ಟಿದ್ದು ಭಾದ್ರಪದದಲ್ಲಿ ಮಾರುವ ಮೂರ್ತಿಗಾಗಿಯೇ. ಮೂರ್ತಿಯ ಜೊತೆಗೇ ಆ ಬಾಡಿಗೆಯನ್ನು ಮುಂದಕ್ಕೆ ಸಾಗಿಸುವುದು ಇಲ್ಲಿ ಹೆಚ್ಚು ನ್ಯಾಯವಾದ ಲೆಕ್ಕ. ಉಳಿದ ಸರಕು ಖಂಡಿತ ಮಾರಾಟವಾಗುತ್ತದೆ ಎಂಬ ನಂಬಿಕೆಗೆ ಆಧಾರವಿರುವವರೆಗೆ ಅಬ್ಸಾರ್ಪ್ಷನ್ ಪದ್ಧತಿ ಸರಿಯಾಗಿಯೇ ಇದೆ.

ತೊಂದರೆ ಶುರುವಾಗುವುದು ಮಾರಾಟದ ನಂಬಿಕೆಯಿಲ್ಲದೆ ಸರಕು ಪೇರಿಸಿದಾಗ. ಮೊದಲ ವರ್ಷಕ್ಕೇ ಮರಳೋಣ. ಕಾರ್ಖಾನೆಯ ಮ್ಯಾನೇಜರ್‌ಗೆ ವರ್ಷದ ಲಾಭದ ಮೇಲೆ ಬೋನಸ್ ಇದೆ ಎಂದುಕೊಳ್ಳಿ. ಮಾರಾಟ 1,000ಕ್ಕೆ ನಿಲ್ಲುತ್ತದೆ ಎಂದು ಅವರಿಗೆ ಜನವರಿಯಲ್ಲೇ ಗೊತ್ತಾಗಿದೆ. ಅವರು ಉತ್ಪಾದನೆ ನಿಲ್ಲಿಸುವ ಬದಲು ಓವರ್‌ಟೈಮ್ ಹಾಕಿಸಿ 1,500 ಪಂಪ್ ಮಾಡಿಸುತ್ತಾರೆ. ಓವರ್‌ಟೈಮಿನ ಹೆಚ್ಚುವರಿ ಕೂಲಿಯನ್ನು ಸದ್ಯಕ್ಕೆ ಬದಿಗಿಡೋಣ. ಈಗ 24 ಲಕ್ಷ ಓವರ್‌ಹೆಡ್ 1,500 ಪಂಪ್‌ಗೆ ಹಂಚಿಹೋಗಿ ತಲಾ 1,600 ಆಗುತ್ತದೆ. ಪಂಪ್‌ನ ವೆಚ್ಚ 8,000ದಿಂದ 7,600ಕ್ಕೆ ಇಳಿಯುತ್ತದೆ. ಮಾರಿದ 1,000 ಪಂಪ್‌ಗಳ ಮೇಲೆ ತಲಾ 2,400 ಉಳಿದು 24 ಲಕ್ಷ, ಆಫೀಸಿನ ಖರ್ಚು ಕಳೆದರೆ 15 ಲಕ್ಷ ಲಾಭ. ಒಂದು ಪಂಪ್ ಕೂಡ ಹೆಚ್ಚಿಗೆ ಮಾರದೆ ಲಾಭ 11ರಿಂದ 15 ಲಕ್ಷಕ್ಕೆ ಏರಿತು.

ಗಲ್ಲಾಪೆಟ್ಟಿಗೆಯ ಕಥೆ ಬೇರೆಯೇ. ಹೆಚ್ಚುವರಿ 300 ಪಂಪ್‌ಗೆ ತಾಮ್ರ, ಎರಕ, ಕೂಲಿ ಎಂದು ತಲಾ 6,000ದಂತೆ 18 ಲಕ್ಷ ಹೊರಗೆ ಹೋಗಿದೆ. ಅದು ಬ್ಯಾಂಕಿನ ಓಡಿ ಖಾತೆಯಿಂದ ಬಂದದ್ದಾದರೆ ಬಡ್ಡಿ ಓಡುತ್ತಲೇ ಇರುತ್ತದೆ. ಲಾಭ 4 ಲಕ್ಷ ಮೇಲೆ, ನಗದು 18 ಲಕ್ಷ ಕೆಳಗೆ. ಮಾರ್ಜಿನಲ್ ಹಾಳೆಯಲ್ಲಿ ಲಾಭ ಆಗಲೂ 7 ಲಕ್ಷ, ಈಗಲೂ 7 ಲಕ್ಷ. ಎಷ್ಟು ಮಾಡಿದಿರಿ ಎಂಬುದಕ್ಕೆ ಅದು ಕಿವಿಗೊಡುವುದಿಲ್ಲ, ಎಷ್ಟು ಮಾರಿದಿರಿ ಎಂಬುದನ್ನು ಮಾತ್ರ ಕೇಳುತ್ತದೆ.

ಇಂಥದ್ದು ದೊಡ್ಡ ಕಾರ್ಖಾನೆಗಳಲ್ಲೂ ನಡೆದಿದೆ. ಅಲೆಕ್ಸಾಂಡರ್ ಬ್ರೂಗೆನ್, ರಂಜನಿ ಕೃಷ್ಣನ್ ಮತ್ತು ಕ್ಯಾರೆನ್ ಸೆಡಟೋಲ್ ಎಂಬ ಮೂವರು ಪ್ರಾಧ್ಯಾಪಕರು ಅಮೆರಿಕದ ಕಾರು ತಯಾರಕರನ್ನು ಅಧ್ಯಯನ ಮಾಡಿ 2011ರಲ್ಲಿ ಪ್ರಬಂಧ ಪ್ರಕಟಿಸಿದರು. ಕಾರ್ಖಾನೆಯ ಶಕ್ತಿ ಬಳಕೆಯಾಗದೆ ಉಳಿದಿದ್ದಾಗ ಬೇಡಿಕೆಗಿಂತ ಹೆಚ್ಚು ಕಾರು ಮಾಡುವುದಕ್ಕೆ ಅಬ್ಸಾರ್ಪ್ಷನ್ ಲೆಕ್ಕ ಮತ್ತು ಮ್ಯಾನೇಜರುಗಳ ಪ್ರೋತ್ಸಾಹಧನ ಹೇಗೆ ಕಾರಣವಾದವು ಎಂಬುದನ್ನು ಅವರು ತೋರಿಸಿದರು. ಹಾಗೆ ಪೇರಿದ ಕಾರುಗಳನ್ನು ಸಾಗಹಾಕಲು ಆಮೇಲೆ ಜಾಹೀರಾತಿನ ಖರ್ಚು ಬಂತು, ಬ್ರಾಂಡಿನ ಹೆಸರಿಗೂ ಪೆಟ್ಟು ಬಿತ್ತು.

ಲೆಕ್ಕಪತ್ರ ಮಾನದಂಡಕ್ಕೆ ಈ ಅಪಾಯ ಗೊತ್ತಿಲ್ಲದೆ ಇಲ್ಲ. ಅದು ಎರಡು ಬೇಲಿ ಹಾಕಿದೆ. ಓವರ್‌ಹೆಡ್ಡನ್ನು ಹಂಚಬೇಕಾದದ್ದು ಕಾರ್ಖಾನೆಯ ಸಾಮಾನ್ಯ ಸಾಮರ್ಥ್ಯದ ಮೇಲೆ ಎಂಬುದು ಮೊದಲ ಬೇಲಿ. ಕಾರ್ಖಾನೆ ಅರ್ಧ ಮಲಗಿ 600 ಪಂಪ್ ಮಾತ್ರ ಮಾಡಿದರೆ 24 ಲಕ್ಷವನ್ನು 600ಕ್ಕೇ ಹಂಚಿ, ತಲಾ 4,000 ಹೊರಿಸಿ, ಉಳಿದ ಸರಕಿನ ಬೆಲೆ ಉಬ್ಬಿಸುವಂತಿಲ್ಲ. ತಲಾ 2,000 ಮಾತ್ರ. ಉಳಿದ 12 ಲಕ್ಷ ಆ ವರ್ಷದ ಖರ್ಚು. ಅತಿಯಾಗಿ ಮಾಡಿದಾಗ ಮಾತ್ರ ತಲಾ ದರ ಇಳಿಸಬೇಕು, ಇಲ್ಲದಿದ್ದರೆ ಕಟ್ಟಿದ್ದಕ್ಕಿಂತ ಹೆಚ್ಚು ಓವರ್‌ಹೆಡ್ ಸರಕಿನ ಮೇಲೆ ಕೂರುತ್ತದೆ. ಮೇಲಿನ 1,600 ಬಂದದ್ದು ಈ ನಿಯಮದಿಂದಲೇ. ಅಂದರೆ ಆ ಮ್ಯಾನೇಜರ್ ತೋರಿಸಿದ 15 ಲಕ್ಷ ಬೇಲಿ ಹಾರಿ ತಂದದ್ದಲ್ಲ. ಬೇಲಿಯ ಒಳಗೇ ಸಿಕ್ಕಿದ್ದು. ಸುಮ್ಮನಿರುವ ಕಾರ್ಖಾನೆಯ ಖರ್ಚನ್ನು ಈ ಬೇಲಿ ತಡೆಯುತ್ತದೆ, ಅತಿಯಾಗಿ ಓಡಿದ ಕಾರ್ಖಾನೆಯದನ್ನು ಪೂರ್ತಿ ತಡೆಯುವುದಿಲ್ಲ.

ಎರಡನೇ ಬೇಲಿ, ದಾಸ್ತಾನಿಗೆ ವೆಚ್ಚ ಅಥವಾ ಮಾರಿದರೆ ನಿವ್ವಳವಾಗಿ ಕೈಗೆ ಬರುವ ಬೆಲೆ, ಎರಡರಲ್ಲಿ ಕಡಿಮೆಯದನ್ನೇ ಹಾಕಬೇಕು ಎಂಬ ನಿಯಮ. ಹೊಸ ಮಾದರಿ ಬಂದು ಹಳೆಯ ಪಂಪ್‌ಗೆ ಕಮಿಷನ್, ಸಾಗಾಟ ಕಳೆದು 7,000 ಮಾತ್ರ ಬರುವಂತಾದರೆ, 7,600ರ ಬೆಲೆಯಲ್ಲಿ ಇಟ್ಟ 500 ಪಂಪ್‌ಗಳ ಮೇಲೆ ತಲಾ 600ರಂತೆ 3 ಲಕ್ಷ ಆ ವರ್ಷವೇ ನಷ್ಟವೆಂದು ಬರೆಯಬೇಕು. 6,000ಕ್ಕೆ ಇಟ್ಟ ಮಾರ್ಜಿನಲ್ ಹಾಳೆಗೆ ಆ ಪ್ರಮೇಯವೇ ಬರದು. ಈ ಬೇಲಿ ಗಟ್ಟಿಯಾಗಿದೆ, ಆದರೆ ಸರಕಿನ ಬೆಲೆ ಬಿದ್ದಾಗ ಮಾತ್ರ ಕೆಲಸಕ್ಕೆ ಬರುತ್ತದೆ. ಬೆಲೆ 10,000ದಲ್ಲೇ ನಿಂತು ಕೊಳ್ಳುವವರಷ್ಟೇ ಕಡಿಮೆಯಾದರೆ ತಕ್ಷಣಕ್ಕೆ ಏನೂ ಕಾಣಿಸುವುದಿಲ್ಲ.

ಮಾರ್ಜಿನಲ್ ಹಾಳೆಗೂ ತನ್ನದೇ ದೋಷವಿದೆ. ಪಂಪ್‌ನ ವೆಚ್ಚ 6,000 ಎಂದು ತಲೆಯಲ್ಲಿ ಕೂತರೆ, 7,500ಕ್ಕೆ ಕೇಳಿಕೊಂಡು ಬಂದ ಡೀಲರ್‌ಗೆ ‘ಆಯ್ತು, ತಗೊಳ್ಳಿ’ ಎನ್ನುವ ಚಪಲ ಹುಟ್ಟುತ್ತದೆ. ಒಂದು ದೊಡ್ಡ ಆರ್ಡರ್‌ಗೆ, ಯಂತ್ರ ಸುಮ್ಮನಿದ್ದಾಗ, ಅದು ಸರಿಯಾದ ನಿರ್ಧಾರವೂ ಆದೀತು. ಎಲ್ಲ 1,200 ಪಂಪ್‌ಗಳನ್ನೂ ಆ ಬೆಲೆಗೆ ಮಾರಿದರೆ ಕಾಂಟ್ರಿಬ್ಯೂಷನ್ 18 ಲಕ್ಷ, ಸ್ಥಿರ ಖರ್ಚು 33 ಲಕ್ಷ. ವರ್ಷದ ಕೊನೆಗೆ 15 ಲಕ್ಷ ನಷ್ಟ.

ಹಾಗಾದರೆ ಹೊರಗಿನಿಂದ ನೋಡುವವರು, ಅಂದರೆ ಸಾಲ ಕೊಟ್ಟ ಬ್ಯಾಂಕಿನವರೋ ನಾಲ್ಕು ಷೇರು ಕೊಂಡವರೋ, ಆ 4 ಲಕ್ಷವನ್ನು ಹೇಗೆ ಪತ್ತೆಮಾಡಬೇಕು? ಕಾಸ್ಟ್ ಅಕೌಂಟೆಂಟ್ ಹಾಳೆ ಅವರ ಕೈಗೆ ಸಿಗುವುದಿಲ್ಲ. ಆದರೆ ಕಂಪನಿಗಳ ಲಾಭ-ನಷ್ಟದ ಪಟ್ಟಿಯಲ್ಲಿ ಸಿದ್ಧ ಸರಕು ಮತ್ತು ಅರೆಸಿದ್ಧ ಸರಕಿನ ದಾಸ್ತಾನಿನಲ್ಲಿ ಆದ ಬದಲಾವಣೆ ಎಂಬ ಒಂದು ಸಾಲು ಇರುತ್ತದೆ. ಖರ್ಚುಗಳ ನಡುವೆ ಇರುವ ಆ ಸಾಲಿನ ಅಂಕಿ ಬ್ರಾಕೆಟ್ಟಿನೊಳಗೆ ಇದ್ದರೆ ದಾಸ್ತಾನು ಬೆಳೆದಿದೆ, ಅಷ್ಟು ಖರ್ಚು ಮುಂದಿನ ವರ್ಷಕ್ಕೆ ಸರಿದಿದೆ ಎಂದರ್ಥ. ಅದರ ಪಕ್ಕದಲ್ಲೇ ಮಾರಾಟ ಎಷ್ಟು ಬೆಳೆದಿದೆ ನೋಡಬೇಕು. ಮಾರಾಟ ನಿಂತಲ್ಲೇ ನಿಂತು ದಾಸ್ತಾನು ಏರುತ್ತಿದ್ದರೆ, ಲಾಭವೂ ಏರುತ್ತಿದ್ದರೆ, ಕ್ಯಾಶ್ ಫ್ಲೋ ಪಟ್ಟಿಯಲ್ಲಿ ವ್ಯವಹಾರದಿಂದ ಬಂದ ನಗದು ಮಾತ್ರ ಇಳಿಯುತ್ತಿದ್ದರೆ, ಪೀಣ್ಯದ ಪಂಪ್ ಕಥೆ ಅಲ್ಲೂ ನಡೆಯುತ್ತಿರಬಹುದು. ನಡೆಯುತ್ತಿದೆ ಎಂದೇ ಹೇಳಲಾಗದು: ಬೇಸಿಗೆಯ ಬೇಡಿಕೆಗೆ ಸಜ್ಜಾಗುತ್ತಿರುವ ಕಂಪನಿಯ ಮಾರ್ಚ್ ಪಟ್ಟಿಯೂ ಹೀಗೇ ಕಾಣುತ್ತದೆ. ಮುಂದಿನ ಎರಡು ತ್ರೈಮಾಸಿಕಗಳಲ್ಲಿ ದಾಸ್ತಾನು ಕರಗಿತೇ ಎಂಬುದು ಎರಡರ ನಡುವಿನ ವ್ಯತ್ಯಾಸ ಹೇಳುತ್ತದೆ.

ಮಾಲೀಕರಿಗಾದರೆ ಕೆಲಸ ಇನ್ನೂ ಸುಲಭ. ಮ್ಯಾನೇಜರ್ ಬೋನಸ್ಸನ್ನು ಆಡಿಟರ್ ಹಾಳೆಯ ಲಾಭಕ್ಕೆ ಕಟ್ಟಬಾರದು. ಮಾರಾಟದಿಂದ ಬಂದ ಕಾಂಟ್ರಿಬ್ಯೂಷನ್‌ಗೆ ಕಟ್ಟಬೇಕು. ತೆರಿಗೆ ಮತ್ತು ಬ್ಯಾಂಕಿಗೆ 11 ಲಕ್ಷದ ಹಾಳೆ ಹೋಗಲಿ, ಮುಂದಿನ ತಿಂಗಳು ಎಷ್ಟು ಪಂಪ್ ಮಾಡಿಸಬೇಕೆಂದು ಯೋಚಿಸುವಾಗ 7 ಲಕ್ಷದ ಹಾಳೆ ಎದುರಿಗಿರಲಿ. ಎರಡರ ಕೆಳಗೂ ಒಂದು ಸಾಲು ಬರೆಸಿಕೊಳ್ಳುವುದು ಒಳ್ಳೆಯದು: ಗೋಡೌನಿನಲ್ಲಿ 200 ಪಂಪ್, ಅದರೊಳಗೆ ಸ್ಥಿರ ಓವರ್‌ಹೆಡ್ 4 ಲಕ್ಷ.